ಫ್ಯಾಂಟಸಿ ಕ್ರೀಡೆ (ಭಾರತ)

ಫ್ಯಾಂಟಸಿ ಕ್ರೀಡೆ ಎಂದರೆ ನಿಜವಾಗಿ ನಡೆಯಲಿರುವ ಪಂದ್ಯದ ಆಟಗಾರರ ಪೈಕಿ ತನಗೆ ಬೇಕಾದವರನ್ನು ಆರಿಸಿ ಒಂದು ಕಲ್ಪಿತ ತಂಡವನ್ನು ಕಟ್ಟಿ, ಆ ಆಟಗಾರರು ಮೈದಾನದಲ್ಲಿ ತೋರುವ ಸಾಧನೆಗೆ ಸಿಗುವ ಅಂಕಗಳ ಆಧಾರದ ಮೇಲೆ ಇತರ ಸ್ಪರ್ಧಿಗಳೊಡನೆ ಪೈಪೋಟಿ ನಡೆಸುವ ಸ್ಪರ್ಧೆ. ಭಾರತದಲ್ಲಿ ಇದು ಮುಖ್ಯವಾಗಿ ಕ್ರಿಕೆಟ್ಟಿಗೆ, ಅದರಲ್ಲಿಯೂ ಇಪ್ಪತ್ತು ಓವರುಗಳ ಪಂದ್ಯಗಳಿಗೆ ಸಂಬಂಧಿಸಿ ಬೆಳೆಯಿತು. ಹಣ ಪಾವತಿಸಿ ಪ್ರವೇಶಿಸುವ ಸ್ಪರ್ಧೆಗಳಲ್ಲಿ ಎಲ್ಲ ಸ್ಪರ್ಧಿಗಳ ಶುಲ್ಕದಿಂದ ಬಹುಮಾನ ನಿಧಿಯೊಂದು ರೂಪುಗೊಳ್ಳುತ್ತಿತ್ತು. ಸ್ಪರ್ಧೆ ನಡೆಸುವ ಸಂಸ್ಥೆ ಅದರಿಂದ ತನ್ನ ಪಾಲನ್ನು ತೆಗೆದುಕೊಂಡು ಉಳಿದುದನ್ನು ವಿಜೇತರಿಗೆ ಹಂಚುತ್ತಿತ್ತು. ಫಲಿತಾಂಶವನ್ನು ನಿರ್ಧರಿಸುವುದು ಸ್ಪರ್ಧಿಯ ಕೌಶಲವೋ ಅದೃಷ್ಟವೋ ಎಂಬ ಪ್ರಶ್ನೆಯ ಮೇಲೆಯೇ ಈ ಸ್ಪರ್ಧೆಗಳ ಕಾನೂನುಬದ್ಧತೆ ಹಲವು ವರ್ಷ ನಿಂತಿತ್ತು. 2025ರ ಆಗಸ್ಟ್ ತಿಂಗಳಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು ಈ ಭೇದವನ್ನು ಪರಿಗಣಿಸದೆ ಹಣ ತೊಡಗಿಸಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸಿತು.

## ಹಿನ್ನೆಲೆ

ಈ ಬಗೆಯ ಆಟ ಹುಟ್ಟಿದ್ದು ಅಮೆರಿಕದಲ್ಲಿ. 1980ರಲ್ಲಿ ಪತ್ರಕರ್ತ ಡೇನಿಯಲ್ ಒಕ್ರೆಂಟ್ ಮತ್ತು ಅವರ ಗೆಳೆಯರು ಬೇಸ್‌ಬಾಲ್ ಆಟಗಾರರನ್ನು ಹರಾಜಿನಲ್ಲಿ ಕೊಂಡು ತಂಡ ಕಟ್ಟುವ ಆಟವೊಂದನ್ನು ರೂಪಿಸಿದರು. ಅವರು ಸೇರುತ್ತಿದ್ದ ನ್ಯೂಯಾರ್ಕಿನ ಉಪಾಹಾರ ಗೃಹದ ಹೆಸರಿನಿಂದ ಅದಕ್ಕೆ ರೊಟಿಸರಿ ಲೀಗ್ ಎಂಬ ಹೆಸರು ಬಂತು. ಆ ಆಟ ಇಡೀ ಋತುವಿನುದ್ದಕ್ಕೂ, ಅಂದರೆ ತಿಂಗಳುಗಟ್ಟಲೆ ನಡೆಯುತ್ತಿತ್ತು. ಆಟಗಾರರನ್ನು ಕೊಳ್ಳುವುದು, ಗಾಯಗೊಂಡವರನ್ನು ಬದಲಿಸುವುದು, ಇತರರೊಡನೆ ವಿನಿಮಯ ಮಾಡಿಕೊಳ್ಳುವುದು ಎಲ್ಲವೂ ಅದರಲ್ಲಿದ್ದವು.

ಭಾರತದಲ್ಲಿ ಈ ಕ್ಷೇತ್ರದ ಅತಿ ದೊಡ್ಡ ಸಂಸ್ಥೆಯಾಗಿ ಬೆಳೆದ ಡ್ರೀಮ್11 ಅನ್ನು 2008ರಲ್ಲಿ ಹರ್ಷ್ ಜೈನ್ ಮತ್ತು ಭಾವಿತ್ ಶೇಠ್ ಮುಂಬಯಿಯಲ್ಲಿ ಸ್ಥಾಪಿಸಿದರು. ಇಲ್ಲಿ ಜನಪ್ರಿಯವಾದದ್ದು ಋತುವಿನುದ್ದಕ್ಕೂ ನಡೆಯುವ ಆಟವಲ್ಲ, ಒಂದೇ ಪಂದ್ಯಕ್ಕೆ ಆರಂಭವಾಗಿ ಅಂದೇ ಮುಗಿಯುವ ಆಟ. ಕೌಶಲ ಮತ್ತು ಅದೃಷ್ಟದ ಚರ್ಚೆಯಲ್ಲಿ ಈ ವ್ಯತ್ಯಾಸಕ್ಕೆ ಮಹತ್ವವಿದೆ. ಆದರೆ ಎರಡಕ್ಕೂ ಹೆಸರು ಒಂದೇ ಆದುದರಿಂದ ಅದು ಅನೇಕ ಸಲ ಗಮನಕ್ಕೆ ಬಾರದೆ ಹೋಗುತ್ತದೆ.

## ತಂಡದ ಆಯ್ಕೆ ಮತ್ತು ಅಂಕಗಳು

ಕ್ರಿಕೆಟ್ ಸ್ಪರ್ಧೆಯಲ್ಲಿ ಸ್ಪರ್ಧಿಯು ಎರಡೂ ತಂಡಗಳ ಆಟಗಾರರಿಂದ ಹನ್ನೊಂದು ಮಂದಿಯನ್ನು ಆರಿಸಬೇಕು. ಪ್ರತಿ ಆಟಗಾರನಿಗೂ ಕ್ರೆಡಿಟ್ ಎಂಬ ಬೆಲೆ ಇರುತ್ತದೆ. ಹನ್ನೊಂದು ಮಂದಿಯ ಒಟ್ಟು ಬೆಲೆ 100 ಕ್ರೆಡಿಟ್ ಮೀರಬಾರದು ಎಂಬುದು ಸಾಮಾನ್ಯ ನಿಯಮ. ಆದುದರಿಂದ ಎಲ್ಲ ಖ್ಯಾತನಾಮರನ್ನೂ ಒಟ್ಟಿಗೆ ಸೇರಿಸಿಕೊಳ್ಳಲಾಗದು. ವಿಕೆಟ್‌ಕೀಪರ್, ಬ್ಯಾಟರ್, ಆಲ್‌ರೌಂಡರ್ ಮತ್ತು ಬೌಲರ್ ಎಂಬ ನಾಲ್ಕು ವರ್ಗಗಳಿಂದಲೂ ಆಯ್ಕೆ ನಡೆಯಬೇಕು. ಹನ್ನೊಂದು ಮಂದಿಯೂ ಒಂದೇ ಕಡೆಯವರಾಗುವಂತಿಲ್ಲ. ಬಳಿಕ ಹನ್ನೊಂದು ಮಂದಿಯಲ್ಲಿ ಒಬ್ಬನನ್ನು ನಾಯಕನೆಂದೂ ಇನ್ನೊಬ್ಬನನ್ನು ಉಪನಾಯಕನೆಂದೂ ಗುರುತಿಸಬೇಕು. ನಾಯಕನ ಅಂಕಗಳು ಎರಡು ಪಟ್ಟಾಗುತ್ತವೆ, ಉಪನಾಯಕನವು ಒಂದೂವರೆ ಪಟ್ಟಾಗುತ್ತವೆ. ಮೈದಾನದಲ್ಲಿ ನಿಜವಾಗಿ ನಾಯಕನಾಗಿರುವವನಿಗೂ ಈ ನಾಯಕನಿಗೂ ಸಂಬಂಧವಿಲ್ಲ.

ಇಪ್ಪತ್ತೆರಡು ಮಂದಿಯಿಂದ ಹನ್ನೊಂದು ಮಂದಿಯನ್ನು ಆರಿಸುವ ಬಗೆಗಳು 7,05,432. ಅವುಗಳಲ್ಲಿ ಪ್ರತಿಯೊಂದಕ್ಕೂ ನಾಯಕ ಮತ್ತು ಉಪನಾಯಕರನ್ನು ಗುರುತಿಸಲು 110 ಬಗೆಗಳಿವೆ. ಹೀಗೆ ಒಟ್ಟು ಸಾಧ್ಯತೆಗಳು ಏಳೂಮುಕ್ಕಾಲು ಕೋಟಿಗೂ ತುಸು ಹೆಚ್ಚು. ಕ್ರೆಡಿಟ್ ಮಿತಿ ಮತ್ತು ವರ್ಗಗಳ ನಿಯಮಗಳಿಂದ ಈ ಸಂಖ್ಯೆ ಸಾಕಷ್ಟು ಕುಗ್ಗುತ್ತದೆಯಾದರೂ ಊಹೆಗೆ ನಿಲುಕುವಷ್ಟು ಚಿಕ್ಕದಾಗುವುದಿಲ್ಲ.

ಆಟಗಾರರ ಅಂತಿಮ ಪಟ್ಟಿ ಟಾಸ್ ವೇಳೆಗೆ, ಅಂದರೆ ಸಾಮಾನ್ಯವಾಗಿ ಪಂದ್ಯಕ್ಕೆ ಅರ್ಧ ಗಂಟೆ ಮುಂಚೆ ಪ್ರಕಟವಾಗುತ್ತದೆ. ತಂಡವನ್ನು ಬದಲಿಸುವ ಅವಕಾಶ ಪಂದ್ಯದ ಆರಂಭದವರೆಗೆ ಇರುವಲ್ಲಿ ಈ ಅರ್ಧ ಗಂಟೆಯೇ ಅತ್ಯಂತ ಬೆಲೆಯುಳ್ಳದ್ದು. ಹಿಂದಿನ ರಾತ್ರಿಯೇ ತಂಡ ಕಟ್ಟಿ ಮಲಗಿದವನ ಪಟ್ಟಿಯಲ್ಲಿ ಮೈದಾನಕ್ಕೇ ಇಳಿಯದ ಆಟಗಾರನಿದ್ದರೆ ಅವನಿಂದ ಬರುವ ಅಂಕ ಸೊನ್ನೆ. ಪಟ್ಟಿ ನೋಡಿ ತಿದ್ದಿಕೊಂಡವನಿಗೆ ಈ ನಷ್ಟವಿಲ್ಲ. ಯಾರು ಆರಂಭಿಕರಾಗಿ ಬರುತ್ತಾರೆ, ಯಾರು ಕೊನೆಯ ಓವರುಗಳನ್ನು ಎಸೆಯುತ್ತಾರೆ, ಪಿಚ್ ಸ್ಪಿನ್ನರುಗಳಿಗೆ ಒಲಿಯುವುದೇ ಎಂಬ ತಿಳಿವಳಿಕೆಯೂ ಇಲ್ಲಿ ಪ್ರಯೋಜನಕ್ಕೆ ಬರುತ್ತದೆ. 2023ರಿಂದ ಇಂಡಿಯನ್ ಪ್ರೀಮಿಯರ್ ಲೀಗಿನಲ್ಲಿ ಬಂದ ಇಂಪ್ಯಾಕ್ಟ್ ಆಟಗಾರನ ನಿಯಮವು ಈ ಲೆಕ್ಕವನ್ನು ಇನ್ನಷ್ಟು ಸಂಕೀರ್ಣಗೊಳಿಸಿತು: ಪಟ್ಟಿಯಲ್ಲಿರುವ ಬ್ಯಾಟರ್ ಅರ್ಧ ಪಂದ್ಯದ ಬಳಿಕ ಹೊರನಡೆದು ಬೌಲರ್ ಒಬ್ಬ ಒಳಬರಬಹುದು.

ಅಂಕಗಳ ನಿಯಮ ಸಂಸ್ಥೆಯಿಂದ ಸಂಸ್ಥೆಗೆ, ಕಾಲದಿಂದ ಕಾಲಕ್ಕೆ ಬದಲಾಗಿದೆ. ಬಹುಕಾಲ ಬಳಕೆಯಲ್ಲಿದ್ದ ಒಂದು ಮಾದರಿಯಲ್ಲಿ ಪ್ರತಿ ರನ್ನಿಗೆ 1 ಅಂಕ, ಬೌಂಡರಿಗೆ ಹೆಚ್ಚುವರಿ 1, ಸಿಕ್ಸರಿಗೆ ಹೆಚ್ಚುವರಿ 2, ಅರ್ಧಶತಕಕ್ಕೆ ಹೆಚ್ಚುವರಿ 8, ವಿಕೆಟ್ಟಿಗೆ 25, ಕ್ಯಾಚಿಗೆ 8 ಅಂಕಗಳಿದ್ದವು. ಇದನ್ನೇ ಹಿಡಿದು ಒಂದು ಕಲ್ಪಿತ ಉದಾಹರಣೆಯನ್ನು ನೋಡಬಹುದು.

ಇಬ್ಬರು ಸ್ಪರ್ಧಿಗಳು ಅದೇ ಹನ್ನೊಂದು ಮಂದಿಯನ್ನು ಆರಿಸಿದ್ದಾರೆ. ಮೊದಲನೆಯವನು ಆರಂಭಿಕ ಬ್ಯಾಟರನನ್ನು ನಾಯಕನಾಗಿಯೂ ವೇಗದ ಬೌಲರನನ್ನು ಉಪನಾಯಕನಾಗಿಯೂ ಮಾಡಿದ್ದಾನೆ. ಎರಡನೆಯವನು ಇದನ್ನೇ ತಿರುವುಮುರುವು ಮಾಡಿದ್ದಾನೆ. ಉಳಿದ ಒಂಬತ್ತು ಮಂದಿ ಇಬ್ಬರಿಗೂ ಸಮಾನ. ಬ್ಯಾಟರ್ 6 ಬೌಂಡರಿ, 3 ಸಿಕ್ಸರ್ ಸಹಿತ 64 ರನ್ ಹೊಡೆದರೆ ಅವನ ಅಂಕ 64, 6, 6, 8 ಸೇರಿ 84. ಬೌಲರ್ ಒಂದು ವಿಕೆಟ್ ಮತ್ತು ಒಂದು ಕ್ಯಾಚ್ ಪಡೆದರೆ ಅವನದು 33. ಮೊದಲ ಸ್ಪರ್ಧಿಗೆ ಈ ಇಬ್ಬರಿಂದ 168 ಮತ್ತು 49.5, ಒಟ್ಟು 217.5 ಅಂಕ ದೊರೆಯುತ್ತದೆ. ಎರಡನೆಯವನಿಗೆ 126 ಮತ್ತು 66, ಒಟ್ಟು 192. ಮೊದಲನೆಯವನು ಗೆದ್ದ.

ಈಗ ಅದೇ ಬ್ಯಾಟರ್ ಮೊದಲ ಬೌಂಡರಿ ಹೊಡೆದ ಮರುಚೆಂಡಿಗೇ ಸ್ಲಿಪ್‌ನಲ್ಲಿ ಕ್ಯಾಚ್ ನೀಡಿದ್ದನೆಂದೂ ಮೇಲಿನ ಲೆಕ್ಕದಲ್ಲಿ ಆ ಕ್ಯಾಚ್ ಕೈಜಾರಿತ್ತೆಂದೂ ಭಾವಿಸೋಣ. ಕ್ಯಾಚ್ ಹಿಡಿದಿದ್ದರೆ ಬ್ಯಾಟರನ ಅಂಕ ಕೇವಲ 5. ಆಗ ಮೊದಲನೆಯವನಿಗೆ 10 ಮತ್ತು 49.5 ಸೇರಿ 59.5, ಎರಡನೆಯವನಿಗೆ 7.5 ಮತ್ತು 66 ಸೇರಿ 73.5. ಗೆಲುವು ಕೈಬದಲಾಯಿತು. ಇಬ್ಬರ ತಿಳಿವಳಿಕೆಯಲ್ಲಿ, ಶ್ರಮದಲ್ಲಿ, ಆಯ್ಕೆಯಲ್ಲಿ ಯಾವ ವ್ಯತ್ಯಾಸವೂ ಆಗಲಿಲ್ಲ. ವ್ಯತ್ಯಾಸವಾದದ್ದು ಮೂರನೆಯ ವ್ಯಕ್ತಿಯೊಬ್ಬನ ಅಂಗೈಯಲ್ಲಿ. ಕೌಶಲವಾದಿಗಳು ತಂಡದ ಆಯ್ಕೆಯನ್ನೂ ಅದೃಷ್ಟವಾದಿಗಳು ಆ ಕ್ಯಾಚನ್ನೂ ಎತ್ತಿ ತೋರಿಸುತ್ತಾರೆ. ಎರಡೂ ಒಂದೇ ಪಂದ್ಯದ ಸತ್ಯಗಳು.

## ಪ್ರವೇಶ ಶುಲ್ಕ ಮತ್ತು ಬಹುಮಾನ ನಿಧಿ

ಒಂದೇ ಪಂದ್ಯಕ್ಕೆ ಹಲವು ಬಗೆಯ ಸ್ಪರ್ಧೆಗಳು ಏಕಕಾಲದಲ್ಲಿ ನಡೆಯುತ್ತಿದ್ದವು. ಅತ್ಯಂತ ಸರಳವಾದದ್ದು ಇಬ್ಬರೇ ಎದುರುಬದುರು ನಿಲ್ಲುವ ಸ್ಪರ್ಧೆ. ತಲಾ 50 ರೂಪಾಯಿ ಶುಲ್ಕವಿದ್ದು ಸಂಸ್ಥೆ ಶೇಕಡಾ 15ರಷ್ಟನ್ನು ಇಟ್ಟುಕೊಳ್ಳುವುದಾದರೆ ಗೆದ್ದವನಿಗೆ 85 ರೂಪಾಯಿ ಸಿಗುತ್ತದೆ. ಸೋತವನು 50 ಕಳೆದುಕೊಳ್ಳುತ್ತಾನೆ, ಗೆದ್ದವನು 35 ಗಳಿಸುತ್ತಾನೆ. ಕೈಯಿಂದ ಹಣ ಹೋಗದಿರಬೇಕಾದರೆ ನೂರರಲ್ಲಿ ಸುಮಾರು 59 ಸ್ಪರ್ಧೆಗಳನ್ನು ಗೆಲ್ಲಬೇಕು. 50 ಅನ್ನು 85ರಿಂದ ಭಾಗಿಸಿದರೆ ಬರುವ ಪ್ರಮಾಣ ಇದು. ನೂರರಲ್ಲಿ 55 ಸಲ ಗೆಲ್ಲುವವನು ಎದುರಾಳಿಗಳಿಗಿಂತ ನಿಸ್ಸಂದೇಹವಾಗಿ ಉತ್ತಮ ಸ್ಪರ್ಧಿ. ಆದರೂ ಅವನು ಪಾವತಿಸುವುದು 5,000 ರೂಪಾಯಿ, ಹಿಂಪಡೆಯುವುದು 55ರ 85 ಪಟ್ಟು, ಅಂದರೆ 4,675. ಕೌಶಲವಂತನಾಗಿದ್ದೂ ಅವನು 325 ರೂಪಾಯಿ ಕಳೆದುಕೊಂಡಿರುತ್ತಾನೆ.

ಜಾಹೀರಾತುಗಳಲ್ಲಿ ಕಾಣುತ್ತಿದ್ದುದು ಇದಲ್ಲ, ಲಕ್ಷಾಂತರ ಮಂದಿ ಒಟ್ಟಿಗೆ ಸೇರುವ ಬೃಹತ್ ಸ್ಪರ್ಧೆ. ಅದರ ರಚನೆಯನ್ನು ತಿಳಿಯಲು ಮತ್ತೊಂದು ಕಲ್ಪಿತ ಲೆಕ್ಕವನ್ನು ತೆಗೆದುಕೊಳ್ಳಬಹುದು. 49 ರೂಪಾಯಿ ಶುಲ್ಕದ ಸ್ಪರ್ಧೆಗೆ ಒಂದು ಲಕ್ಷ ತಂಡಗಳು ಸೇರಿದರೆ ಸಂಗ್ರಹವಾಗುವುದು 49 ಲಕ್ಷ. ಅದರಲ್ಲಿ ಬಹುಮಾನ ನಿಧಿ 40 ಲಕ್ಷ ಎಂದಿಟ್ಟುಕೊಳ್ಳೋಣ. ಮೊದಲ ಸ್ಥಾನಕ್ಕೆ 6,60,000 ರೂಪಾಯಿ, ಎರಡರಿಂದ ಹತ್ತರವರೆಗಿನ ಒಂಬತ್ತು ಸ್ಥಾನಗಳಿಗೆ ತಲಾ 50,000, ಅಲ್ಲಿಂದ ಸಾವಿರದವರೆಗೆ ತಲಾ 1,000, ಅಲ್ಲಿಂದ ಇಪ್ಪತ್ತು ಸಾವಿರದವರೆಗೆ ತಲಾ 100 ರೂಪಾಯಿ. ಎಲ್ಲ ಕೂಡಿದರೆ ಸರಿಯಾಗಿ 40 ಲಕ್ಷವಾಗುತ್ತದೆ. ಎಂಬತ್ತು ಸಾವಿರ ತಂಡಗಳಿಗೆ ಏನೂ ಇಲ್ಲ. ಮೊದಲ ಹತ್ತು ತಂಡಗಳ ಪಾಲಿಗೆ ನಿಧಿಯ ಕಾಲು ಭಾಗಕ್ಕಿಂತ ಹೆಚ್ಚು ಹೋಗುತ್ತದೆ.

ಇಂತಹ ಸ್ಪರ್ಧೆಯಲ್ಲಿ ಸಾಮಾನ್ಯ ಸ್ಪರ್ಧಿ ನೂರರಲ್ಲಿ ಇಪ್ಪತ್ತು ಸಲ ಬಹುಮಾನದ ಪಟ್ಟಿಯೊಳಗೆ ಬರುತ್ತಾನೆ. ಅಭ್ಯಾಸದಿಂದ ಅದನ್ನು ಇಮ್ಮಡಿಗೊಳಿಸಿಕೊಂಡು ನಲವತ್ತು ಸಲ ಬಂದರೂ, ಮೇಲಿನ ಸಾವಿರದೊಳಗೆ ಒಮ್ಮೆಯೂ ಸೇರದಿದ್ದರೆ, ಅವನಿಗೆ ದೊರೆಯುವುದು 4,000 ರೂಪಾಯಿ, ತೆತ್ತದ್ದು 4,900. ಲಾಭವೆಲ್ಲ ಇರುವುದು ಮೇಲಿನ ಕೆಲವೇ ಸ್ಥಾನಗಳಲ್ಲಿ, ಅವು ಒದಗಿಬರುವುದು ಅಪರೂಪಕ್ಕೆ. ಎರಡು ಸ್ಪರ್ಧೆಗಳಲ್ಲೂ ಆಟ ಒಂದೇ, ತಂಡ ಒಂದೇ, ಅಂಕ ಒಂದೇ ಆಗಿರಬಹುದು. ಬಹುಮಾನವನ್ನು ಹಂಚುವ ರೀತಿ ಬದಲಾದೊಡನೆ ಅದೃಷ್ಟಕ್ಕೆ ಸಲ್ಲುವ ಪಾಲೂ ಬದಲಾಗುತ್ತದೆ ಎಂಬುದು ಈ ಲೆಕ್ಕದಿಂದ ಹೊರಡುವ ಮುಖ್ಯ ಸಂಗತಿ.

ಬೃಹತ್ ಸ್ಪರ್ಧೆಗೆ ಬೇಕಾದ ಜಾಣತನವೂ ಬೇರೆ. ಅರ್ಧಕ್ಕರ್ಧ ಸ್ಪರ್ಧಿಗಳು ಆರಿಸಿಕೊಂಡಿರುವ ಆಟಗಾರ ಶತಕ ಹೊಡೆದರೂ ಅವನನ್ನೇ ಆರಿಸಿಕೊಂಡ ಇತರರನ್ನು ಅವನಿಂದ ಹೆಚ್ಚು ಹಿಂದಿಕ್ಕಲಾಗದು. ಆದುದರಿಂದ ಅನುಭವಿಗಳು ಉಳಿದವರು ಕಡೆಗಣಿಸಿದ ಒಬ್ಬಿಬ್ಬರನ್ನು ಸೇರಿಸಿಕೊಂಡು, ನಾಯಕನನ್ನು ಬದಲಿಸುತ್ತ ಹತ್ತಾರು ತಂಡಗಳನ್ನು ಒಂದೇ ಸ್ಪರ್ಧೆಗೆ ಇಳಿಸುತ್ತಿದ್ದರು. ಒಂದೇ ತಂಡದೊಡನೆ ಬಂದವನು ಎದುರಿಸುತ್ತಿದ್ದುದು ತನ್ನಂತಹ ಅಭಿಮಾನಿಯನ್ನಷ್ಟೇ ಅಲ್ಲ, ಇಂತಹವರನ್ನೂ. ಅಮೆರಿಕದಲ್ಲಿ 2015ರ ಬೇಸ್‌ಬಾಲ್ ಋತುವಿನ ಮೊದಲರ್ಧದ ಬಗ್ಗೆ ಮೆಕಿನ್ಸಿ ಸಂಸ್ಥೆಯವರು ನಡೆಸಿದ ವಿಶ್ಲೇಷಣೆಯಲ್ಲಿ ಸ್ಪರ್ಧಿಗಳ ಒಟ್ಟು ಲಾಭದ ಶೇಕಡಾ 91ರಷ್ಟು ಕೇವಲ ಶೇಕಡಾ 1.3 ಮಂದಿಯ ಪಾಲಾಗಿತ್ತೆಂದು ಕಂಡುಬಂದಿತ್ತು. ವಿಚಿತ್ರವೆಂದರೆ ಇದು ಕೌಶಲವಾದಕ್ಕೆ ಬಲವಾದ ಪುರಾವೆ. ಬರಿಯ ಅದೃಷ್ಟದ ಆಟದಲ್ಲಿ ಲಾಭ ಹೀಗೆ ಕೆಲವರಲ್ಲೇ ಮತ್ತೆ ಮತ್ತೆ ನೆಲೆಸುವುದಿಲ್ಲ. ಸಾಮಾನ್ಯ ಸ್ಪರ್ಧಿಗೆ ಮಾತ್ರ ಅದೇ ಪುರಾವೆ ಕೆಟ್ಟ ಸುದ್ದಿ.

ನಿಧಿಯ ಮೊತ್ತವನ್ನು ಮುಂಚಿತವಾಗಿಯೇ ಘೋಷಿಸುವುದು ರೂಢಿ. ಖಾತರಿ ಸ್ಪರ್ಧೆಗಳಲ್ಲಿ ಸ್ಥಾನಗಳು ಭರ್ತಿಯಾಗದಿದ್ದರೂ ಸಂಸ್ಥೆ ಘೋಷಿತ ಬಹುಮಾನವನ್ನು ಕೊಡುತ್ತಿತ್ತು. ಇತರ ಸ್ಪರ್ಧೆಗಳು ಭರ್ತಿಯಾಗದಿದ್ದರೆ ರದ್ದಾಗಿ ಶುಲ್ಕ ಹಿಂದಿರುಗುತ್ತಿತ್ತು. ಮುಂಚಿತ ಘೋಷಣೆಗೆ ಕಾನೂನಿನ ಮಹತ್ವವೂ ಇದೆ. ಅಮೆರಿಕದ 2006ರ ಕಾನೂನು ಫ್ಯಾಂಟಸಿ ಕ್ರೀಡೆಗೆ ವಿನಾಯಿತಿ ನೀಡುವಾಗ, ಬಹುಮಾನವು ಸ್ಪರ್ಧಿಗಳ ಸಂಖ್ಯೆ ಅಥವಾ ಶುಲ್ಕದ ಮೊತ್ತವನ್ನು ಅವಲಂಬಿಸದೆ ಮೊದಲೇ ನಿಗದಿಯಾಗಿರಬೇಕು, ಫಲಿತಾಂಶ ಸ್ಪರ್ಧಿಗಳ ಜ್ಞಾನ ಮತ್ತು ಕೌಶಲವನ್ನು ಪ್ರತಿಬಿಂಬಿಸಬೇಕು, ಗೆಲುವು ಯಾವುದೇ ಒಂದು ತಂಡದ ಅಥವಾ ಒಬ್ಬನೇ ಆಟಗಾರನ ಸಾಧನೆಯ ಮೇಲೆ ನಿಲ್ಲಬಾರದು ಎಂಬ ಷರತ್ತುಗಳನ್ನಿಟ್ಟಿತ್ತು.

ಭಾರತದಲ್ಲಿ 2023ರ ಅಕ್ಟೋಬರ್ 1ರಿಂದ ಸ್ಪರ್ಧಿ ಠೇವಣಿಯಿಡುವ ಪೂರ್ಣ ಮೊತ್ತದ ಮೇಲೆ ಶೇಕಡಾ 28ರ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂತು. ಅದಕ್ಕೆ ಮುನ್ನ ಸಂಸ್ಥೆಗಳು ತಮ್ಮ ಪಾಲಿನ ಮೇಲೆ ಮಾತ್ರ ತೆರಿಗೆ ಕಟ್ಟುತ್ತಿದ್ದವು. ಹೊಸ ಲೆಕ್ಕದಂತೆ ಸ್ಪರ್ಧಿ ಹಾಕಿದ 100 ರೂಪಾಯಿಯಲ್ಲಿ ತೆರಿಗೆಯೇ 21 ರೂಪಾಯಿ 88 ಪೈಸೆ. ಗ್ರಾಹಕರನ್ನು ಉಳಿಸಿಕೊಳ್ಳಲು ಇದನ್ನು ಬೋನಸ್ ರೂಪದಲ್ಲಿ ಸಂಸ್ಥೆಗಳು ತುಂಬಿಕೊಟ್ಟದ್ದೂ ಉಂಟು. ಇದಲ್ಲದೆ ಅದೇ ವರ್ಷದ ಏಪ್ರಿಲ್‌ನಿಂದ ನಿವ್ವಳ ಗೆಲುವಿನ ಮೇಲೆ ಶೇಕಡಾ 30ರಷ್ಟು ಆದಾಯ ತೆರಿಗೆಯನ್ನು ಮೂಲದಲ್ಲೇ ಕಡಿತಗೊಳಿಸಲಾಗುತ್ತಿತ್ತು.

## ಕೌಶಲವನ್ನು ಅಳೆಯುವ ಬಗೆ

ಕೌಶಲವಿದೆಯೇ ಎಂಬುದನ್ನು ಒಂದು ಪಂದ್ಯ ನೋಡಿ ಹೇಳಲಾಗದು. ಇದಕ್ಕೆ ಬಳಕೆಯಲ್ಲಿರುವ ಸರಳ ಪರೀಕ್ಷೆ ಹೀಗಿದೆ. ಪ್ರತಿಯೊಬ್ಬ ಸ್ಪರ್ಧಿಯ ಒಂದು ಋತುವಿನ ಸ್ಪರ್ಧೆಗಳನ್ನು ಎರಡು ಭಾಗ ಮಾಡಿ, ಒಂದು ಭಾಗದಲ್ಲಿ ಹೆಚ್ಚು ಗೆದ್ದವರು ಇನ್ನೊಂದು ಭಾಗದಲ್ಲೂ ಹೆಚ್ಚು ಗೆದ್ದಿದ್ದಾರೆಯೇ ಎಂದು ನೋಡಬೇಕು. ನಾಣ್ಯ ಚಿಮ್ಮುವ ಆಟದಲ್ಲಿ ಮೊದಲ ಭಾಗದ ವಿಜೇತ ಎರಡನೆಯ ಭಾಗದಲ್ಲಿ ಎಲ್ಲಿ ಬೇಕಾದರೂ ಬೀಳಬಹುದು, ಎರಡಕ್ಕೂ ನಂಟಿರುವುದಿಲ್ಲ. ಚದುರಂಗದಲ್ಲಾದರೆ ಬಲವಾದ ನಂಟಿರುತ್ತದೆ. ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಪ್ರಾಧ್ಯಾಪಕಿ ಅನೆಟ್ ಹೊಸೊಯ್ ಮತ್ತು ಸಹೋದ್ಯೋಗಿಗಳು ಫ್ಯಾನ್‌ಡ್ಯೂಯೆಲ್ ಸಂಸ್ಥೆಯ ದತ್ತಾಂಶದ ಮೇಲೆ ಈ ವಿಧಾನವನ್ನು ಅನ್ವಯಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವು, ಆ ಸ್ಪರ್ಧೆಗಳು ನಾಣ್ಯದ ಆಟದಿಂದ ಸ್ಪಷ್ಟವಾಗಿ ದೂರವಿದ್ದು ಅವುಗಳಲ್ಲಿ ಕೌಶಲ ಕೆಲಸ ಮಾಡುತ್ತದೆ ಎಂದು ತೋರಿಸಿತು.

ಈ ನಿಷ್ಕರ್ಷೆ ಹೇಳುವುದೇನು, ಹೇಳದಿರುವುದೇನು ಎಂಬುದನ್ನು ಬೇರ್ಪಡಿಸಿ ನೋಡಬೇಕು. ಅದು ಹಲವಾರು ಸ್ಪರ್ಧೆಗಳ ಮೊತ್ತಕ್ಕೆ ಸಂಬಂಧಿಸಿದ್ದು. ಮೇಲೆ ಹೇಳಿದ, ಪ್ರತಿ ಸಲ ಗೆಲ್ಲುವ ಸಾಧ್ಯತೆ ಶೇಕಡಾ 55 ಇರುವ ಸ್ಪರ್ಧಿಯನ್ನೇ ಮತ್ತೆ ತೆಗೆದುಕೊಳ್ಳೋಣ. ಹತ್ತು ಸ್ಪರ್ಧೆಗಳಲ್ಲಿ ಅವನು ಆರು ಅಥವಾ ಹೆಚ್ಚು ಗೆಲ್ಲುವ ಸಾಧ್ಯತೆ ಸುಮಾರು ಅರ್ಧ ಮಾತ್ರ. ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಗೆಲ್ಲುವ ಸಾಧ್ಯತೆ ಕಾಲು ಭಾಗಕ್ಕೂ ತುಸು ಹೆಚ್ಚು. ಸಾವಿರ ಸ್ಪರ್ಧೆಗಳಾದರೆ ಅವನು ಅರ್ಧದ ಗಡಿ ದಾಟದೆ ಉಳಿಯುವ ಸಾಧ್ಯತೆ ಸಾವಿರಕ್ಕೆ ಒಂದಕ್ಕಿಂತ ಕಡಿಮೆ. ಅದೇ ವ್ಯಕ್ತಿಯ ಅದೇ ಕೌಶಲ ಹತ್ತರಲ್ಲಿ ಕಾಣಿಸುವುದಿಲ್ಲ, ಸಾವಿರದಲ್ಲಿ ಮರೆಯಾಗುವುದಿಲ್ಲ. ಒಂದು ಐಪಿಎಲ್ ಋತುವಿನಲ್ಲಿ ಹತ್ತಿಪ್ಪತ್ತು ಸ್ಪರ್ಧೆ ಆಡಿ ಬಿಟ್ಟವನ ಅನುಭವವನ್ನು ನಿರ್ಧರಿಸುವುದು ಬಹುಮಟ್ಟಿಗೆ ಅದೃಷ್ಟವೇ.

ಮೂಲ ಕ್ರೀಡೆಯ ಸ್ವಭಾವವೂ ಇಲ್ಲಿ ಸೇರಿಕೊಳ್ಳುತ್ತದೆ. ಬ್ಯಾಸ್ಕೆಟ್‌ಬಾಲ್‌ನಂತಹ ಆಟದಲ್ಲಿ ಒಬ್ಬ ಆಟಗಾರನಿಗೆ ಒಂದೇ ಪಂದ್ಯದಲ್ಲಿ ಹತ್ತಾರು ಅವಕಾಶಗಳು ದೊರೆಯುವುದರಿಂದ ಅವನ ಸಾಧನೆ ತನ್ನ ಸರಾಸರಿಯ ಆಸುಪಾಸಿನಲ್ಲೇ ಇರುತ್ತದೆ. ಇಪ್ಪತ್ತು ಓವರುಗಳ ಕ್ರಿಕೆಟ್ಟಿನಲ್ಲಿ ಬ್ಯಾಟರನಿಗೆ ಒಂದೇ ಇನಿಂಗ್ಸ್. ಎಷ್ಟೇ ದೊಡ್ಡ ಆಟಗಾರನಾದರೂ ಒಂದು ತಪ್ಪಿಗೆ ಅಂದಿನ ಆಟ ಮುಗಿಯುತ್ತದೆ. ಬೌಲರನಿಗೆ ಇಪ್ಪತ್ತನಾಲ್ಕು ಎಸೆತಗಳ ಮಿತಿ. ಹೀಗಾಗಿ ಬೇರೆ ಕ್ರೀಡೆಗಳ ಅಧ್ಯಯನಗಳನ್ನು ಇಲ್ಲಿಗೆ ನೇರವಾಗಿ ಅನ್ವಯಿಸುವುದು ಸರಿಯಾಗದು.

## ನ್ಯಾಯಾಲಯಗಳ ತೀರ್ಪುಗಳು

1867ರ ಸಾರ್ವಜನಿಕ ಜೂಜು ಕಾಯಿದೆಯ 12ನೆಯ ಪ್ರಕರಣವು ಕೇವಲ ಕೌಶಲದ ಆಟಗಳಿಗೆ ಆ ಕಾಯಿದೆ ಅನ್ವಯಿಸುವುದಿಲ್ಲ ಎಂದಿತ್ತು. ಶುದ್ಧ ಕೌಶಲದ ಆಟ ಲೋಕದಲ್ಲಿ ಅಪರೂಪವಾದುದರಿಂದ ಕೇವಲ ಎಂಬ ಮಾತಿನ ಅರ್ಥವನ್ನು ನ್ಯಾಯಾಲಯಗಳು ಬಿಡಿಸಬೇಕಾಯಿತು. 1957ರಲ್ಲಿ ಆರ್.ಎಂ.ಡಿ. ಚಾಮರ್‌ಬಾಗ್‌ವಾಲಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಪದಬಂಧದಂತಹ ಬಹುಮಾನ ಸ್ಪರ್ಧೆಗಳನ್ನು ಪರಿಶೀಲಿಸಿ, ಗೆಲುವು ಗಣನೀಯ ಮಟ್ಟಿಗೆ ಕೌಶಲವನ್ನು ಅವಲಂಬಿಸಿದ್ದರೆ ಅದು ಜೂಜಲ್ಲ ಎಂಬ ನಿಲುವನ್ನು ತಳೆಯಿತು. 1968ರಲ್ಲಿ ರಮ್ಮಿ ಇಸ್ಪೀಟಾಟ, 1996ರಲ್ಲಿ ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ಕುದುರೆ ಪಂದ್ಯ ಕೌಶಲ ಪ್ರಧಾನವೆಂದು ಪರಿಗಣಿತವಾದವು. ಅದೃಷ್ಟವೇ ಇಲ್ಲದಿರಬೇಕಾಗಿಲ್ಲ, ಕೌಶಲದ ತಕ್ಕಡಿ ಹೆಚ್ಚು ತೂಗಿದರೆ ಸಾಕು ಎಂಬುದು ಈ ತೀರ್ಪುಗಳ ತಿರುಳು.

ಫ್ಯಾಂಟಸಿ ಕ್ರೀಡೆಯ ಮೊದಲ ಮುಖ್ಯ ತೀರ್ಪು ಬಂದದ್ದು 2017ರ ಏಪ್ರಿಲ್‌ನಲ್ಲಿ, ಪಂಜಾಬ್ ಮತ್ತು ಹರಿಯಾಣ ಉಚ್ಚ ನ್ಯಾಯಾಲಯದ ವರುಣ್ ಗುಂಬರ್ ಪ್ರಕರಣದಲ್ಲಿ. ಅರ್ಜಿದಾರರು ಸ್ವತಃ ಡ್ರೀಮ್11ರಲ್ಲಿ ಹಣ ಕಳೆದುಕೊಂಡವರು. ಆಟಗಾರರ ಬಲಾಬಲಗಳನ್ನು ಅಳೆದು, ಮಿತಿಯೊಳಗೆ ತಂಡ ಕಟ್ಟುವುದು ಕೌಶಲದ ಕೆಲಸವೆಂದು ನ್ಯಾಯಾಲಯ ಅವರ ಅರ್ಜಿಯನ್ನು ತಳ್ಳಿಹಾಕಿತು. 2019ರಲ್ಲಿ ಬಾಂಬೆ ಉಚ್ಚ ನ್ಯಾಯಾಲಯವು ಗುರುದೀಪ್ ಸಿಂಗ್ ಸಾಚರ್ ಪ್ರಕರಣದಲ್ಲಿ, ಇಲ್ಲಿನ ಫಲಿತಾಂಶ ನಿಜ ಪಂದ್ಯದಲ್ಲಿ ಯಾವ ತಂಡ ಗೆಲ್ಲುತ್ತದೆ ಎಂಬುದನ್ನು ಅವಲಂಬಿಸಿಲ್ಲ, ಆದುದರಿಂದ ಇದು ಪಂದ್ಯದ ಮೇಲೆ ಬಾಜಿ ಕಟ್ಟಿದಂತಲ್ಲ ಎಂದಿತು. 2020ರಲ್ಲಿ ರಾಜಸ್ಥಾನ ಉಚ್ಚ ನ್ಯಾಯಾಲಯವೂ ಇದೇ ದಾರಿ ಹಿಡಿಯಿತು.

ಈ ತೀರ್ಪುಗಳು ಉತ್ತರಿಸಿದ್ದು ಆಟದ ಸ್ವರೂಪ ಯಾವುದು ಎಂಬ ಪ್ರಶ್ನೆಗೆ. ತಂಡ ಕಟ್ಟುವುದರಲ್ಲಿ ಕೌಶಲವಿದೆ ಎಂಬುದನ್ನು ಅಲ್ಲಗಳೆಯುವುದು ಕಷ್ಟ. ಆದರೆ ಬಹುಮಾನ ನಿಧಿಯನ್ನು ಹಂಚುವ ರೀತಿ, ಸಂಸ್ಥೆಯ ಪಾಲು, ಹತ್ತಾರು ತಂಡ ಇಳಿಸುವವರೊಡನೆ ಹೊಸಬನ ಪೈಪೋಟಿ ಇವು ಸ್ಪರ್ಧಿಯ ಜೇಬಿಗೆ ನೇರವಾಗಿ ತಟ್ಟುವ ಸಂಗತಿಗಳಾಗಿದ್ದರೂ ಆ ಪ್ರಶ್ನೆಯ ಹೊರಗೇ ಉಳಿದವು. ಕೌಶಲದ ಆಟ ಎಂಬ ಮುದ್ರೆಯನ್ನು ಜಾಹೀರಾತುಗಳು ನಷ್ಟವಾಗದ ಆಟ ಎಂಬ ಧ್ವನಿಯಲ್ಲಿ ಬಳಸಿಕೊಂಡಾಗ ಗೊಂದಲ ಹೆಚ್ಚಿತು.

ಅಮೆರಿಕದಲ್ಲಿಯೂ ಈ ಪ್ರಶ್ನೆಯ ಬಗ್ಗೆ ಒಮ್ಮತವಿರಲಿಲ್ಲ. ನ್ಯೂಯಾರ್ಕ್ ರಾಜ್ಯದ ಅತ್ಯುನ್ನತ ನ್ಯಾಯಾಲಯವು 2022ರಲ್ಲಿ ಇಂತಹ ಸ್ಪರ್ಧೆಗಳಿಗೆ ಅವಕಾಶ ನೀಡಿದ್ದ ಕಾನೂನನ್ನು ಎತ್ತಿಹಿಡಿದದ್ದು ನಾಲ್ಕಕ್ಕೆ ಮೂರರ ಬಹುಮತದಿಂದ.

## ಕರ್ನಾಟಕದಲ್ಲಿ

1963ರ ಕರ್ನಾಟಕ ಪೊಲೀಸ್ ಕಾಯಿದೆಯ 176ನೆಯ ಪ್ರಕರಣವು ಕೌಶಲದ ಆಟಗಳಿಗೆ ವಿನಾಯಿತಿ ನೀಡಿತ್ತು. 2021ರಲ್ಲಿ ರಾಜ್ಯ ಸರ್ಕಾರ ತಂದ ತಿದ್ದುಪಡಿಯು ಕೌಶಲದ ಆಟವಾದರೂ ಹಣ ಒಡ್ಡಿ ಆನ್‌ಲೈನ್‌ನಲ್ಲಿ ಆಡುವುದನ್ನು ಅಪರಾಧದ ವ್ಯಾಪ್ತಿಗೆ ಸೇರಿಸಿತು. ಅದು ಆ ವರ್ಷದ ಅಕ್ಟೋಬರ್ 5ರಂದು ಜಾರಿಗೆ ಬಂತು. ಕೆಲವೇ ದಿನಗಳಲ್ಲಿ ಬೆಂಗಳೂರಿನ ಅನ್ನಪೂರ್ಣೇಶ್ವರಿ ನಗರ ಠಾಣೆಯಲ್ಲಿ ಟ್ಯಾಕ್ಸಿ ಚಾಲಕರೊಬ್ಬರ ದೂರಿನ ಮೇಲೆ ಡ್ರೀಮ್11ರ ಸ್ಥಾಪಕರ ವಿರುದ್ಧ ಪ್ರಕರಣ ದಾಖಲಾಯಿತು. ಸಂಸ್ಥೆ ರಾಜ್ಯದಲ್ಲಿ ತನ್ನ ಹಣದ ಸ್ಪರ್ಧೆಗಳನ್ನು ನಿಲ್ಲಿಸಿತು.

ತಿದ್ದುಪಡಿಯನ್ನು ಪ್ರಶ್ನಿಸಿದ ಅರ್ಜಿಗಳ ಮೇಲೆ ಮುಖ್ಯ ನ್ಯಾಯಮೂರ್ತಿ ರಿತುರಾಜ್ ಅವಸ್ಥಿ ಮತ್ತು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ಪೀಠವು 2022ರ ಫೆಬ್ರವರಿ 14ರಂದು ತೀರ್ಪಿತ್ತಿತು. ಹಣ ಒಡ್ಡಿದ ಮಾತ್ರಕ್ಕೆ ಕೌಶಲದ ಆಟ ಜೂಜಾಗುವುದಿಲ್ಲ, ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟುವ ನಿಯಮ ಸಂವಿಧಾನಬದ್ಧವಲ್ಲ ಎಂದು ತಿದ್ದುಪಡಿಯ ಸಂಬಂಧಪಟ್ಟ ಭಾಗಗಳನ್ನು ಅಸಿಂಧುಗೊಳಿಸಿತು. ಆನ್‌ಲೈನ್ ಆಟಗಳನ್ನು ನಿಯಂತ್ರಿಸುವ ಹೊಸ ಕಾನೂನು ಮಾಡಲು ಅಡ್ಡಿಯಿಲ್ಲವೆಂದೂ ಹೇಳಿತು. ರಾಜ್ಯ ಸರ್ಕಾರ ಇದರ ವಿರುದ್ಧ ಸರ್ವೋಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಿತು.

## 2025ರ ಕಾಯಿದೆ

ಆನ್‌ಲೈನ್ ಆಟಗಳ ಉತ್ತೇಜನ ಮತ್ತು ನಿಯಂತ್ರಣ ಮಸೂದೆಯನ್ನು ಲೋಕಸಭೆ 2025ರ ಆಗಸ್ಟ್ 20ರಂದು, ರಾಜ್ಯಸಭೆ ಮರುದಿನ ಅಂಗೀಕರಿಸಿದವು. 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಗೆಲುವಿನ ನಿರೀಕ್ಷೆಯಿಂದ ಶುಲ್ಕ ತೆತ್ತು ಆಡುವ ಆಟ ಕೌಶಲದ್ದಾಗಲಿ, ಅದೃಷ್ಟದ್ದಾಗಲಿ, ಎರಡೂ ಬೆರೆತದ್ದಾಗಲಿ ಅದನ್ನು ಆನ್‌ಲೈನ್ ಹಣದ ಆಟವೆಂದು ಕಾಯಿದೆ ವ್ಯಾಖ್ಯಾನಿಸಿತು. ಇಂತಹ ಆಟ ಒದಗಿಸುವವರಿಗೆ ಮೂರು ವರ್ಷದವರೆಗಿನ ಸೆರೆವಾಸ ಮತ್ತು ಒಂದು ಕೋಟಿ ರೂಪಾಯಿವರೆಗಿನ ದಂಡ, ಜಾಹೀರಾತು ನೀಡುವವರಿಗೆ ಎರಡು ವರ್ಷದವರೆಗಿನ ಸೆರೆವಾಸ ಮತ್ತು 50 ಲಕ್ಷದವರೆಗಿನ ದಂಡ ನಿಗದಿಯಾದವು. ಆಡುವವರಿಗೆ ಶಿಕ್ಷೆಯಿಲ್ಲ. ಡ್ರೀಮ್11 ಸಹಿತ ಪ್ರಮುಖ ಸಂಸ್ಥೆಗಳು ಹಣದ ಸ್ಪರ್ಧೆಗಳನ್ನು ನಿಲ್ಲಿಸಿದವು. ಭಾರತ ಕ್ರಿಕೆಟ್ ತಂಡದ ಸಮವಸ್ತ್ರದ ಮೇಲೆ 2023ರಿಂದ ಇದ್ದ ಡ್ರೀಮ್11ರ ಹೆಸರೂ ಇದರೊಡನೆ ಮರೆಯಾಯಿತು. ಶುಲ್ಕವಿಲ್ಲದ ಫ್ಯಾಂಟಸಿ ಸ್ಪರ್ಧೆಗಳಿಗೆ ನಿಷೇಧವಿಲ್ಲ.

ಕಾಯಿದೆಯನ್ನು ಪ್ರಶ್ನಿಸಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಸೇರಿದಂತೆ ಬೇರೆ ಬೇರೆ ಉಚ್ಚ ನ್ಯಾಯಾಲಯಗಳಲ್ಲಿ ಸಲ್ಲಿಕೆಯಾದ ಅರ್ಜಿಗಳನ್ನು 2025ರ ಸೆಪ್ಟೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ತನಗೆ ವರ್ಗಾಯಿಸಿಕೊಂಡಿತು. ಕೌಶಲದ ಪ್ರಶ್ನೆ ಇಲ್ಲಿ ಇನ್ನೊಂದು ವೇಷದಲ್ಲಿ ಮರಳಿ ಬರುತ್ತದೆ. ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ 34ನೆಯ ನಮೂದು ಬಾಜಿ ಮತ್ತು ಜೂಜಿಗೆ ಸಂಬಂಧಿಸಿದ್ದು. ಫ್ಯಾಂಟಸಿ ಕ್ರೀಡೆ ಜೂಜು ಎನ್ನುವುದಾದರೆ ಅದರ ಬಗ್ಗೆ ಕಾನೂನು ಮಾಡುವ ಅಧಿಕಾರ ರಾಜ್ಯಗಳದ್ದಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಕೌಶಲದ ಆಟ ಎನ್ನುವುದಾದರೆ ವ್ಯಾಪಾರ ನಡೆಸುವ ಮೂಲಭೂತ ಹಕ್ಕನ್ನು ಪೂರ್ಣ ನಿಷೇಧದ ಮೂಲಕ ಮೊಟಕುಗೊಳಿಸಬಹುದೇ ಎಂಬ ಪ್ರಶ್ನೆ ಏಳುತ್ತದೆ.